ವೋಟು ಹಾಕಿದವರೆಲ್ಲ ದುಡ್ಡು ಹಾಕುತ್ತಾರೆಯೇ?

ಫ್ಯಾಮಿಲಿ ಗ್ರೂಪಿನಲ್ಲಿ ದೊಡ್ಡಪ್ಪನ ಮಗ ಹಾಕುವ ಮೆಸೇಜು ಸಾಮಾನ್ಯವಾಗಿ ಹೀಗಿರುತ್ತದೆ:

> ಎಲ್ಲರಿಗೂ ನಮಸ್ಕಾರ. ನಾವೆಲ್ಲ ಸೇರಿ ಒಂದು ಸಣ್ಣ ಬಿಸಿನೆಸ್ ಶುರು ಮಾಡೋಣ ಅಂತ ಬಹಳ ದಿನದಿಂದ ಯೋಚನೆ ಇದೆ. ಕೆಲವು ಐಡಿಯಾ ಕೆಳಗೆ ಹಾಕಿದೀನಿ. ಯಾವುದು ಇಷ್ಟ ಅಂತ ವೋಟ್ ಮಾಡಿ. ಜಾಸ್ತಿ ವೋಟ್ ಬಂದಿದ್ದನ್ನ ಮಾಡೋಣ!
> 1. ಕಾರು ಬಾಡಿಗೆಗೆ ಬಿಡೋದು
> 2. ಸಮಾರಂಭಕ್ಕೆ ಕುರ್ಚಿ, ಮೇಜು ಬಾಡಿಗೆ
> 3. ಸಮಾರಂಭಕ್ಕೆ ಮೈಕು, ಸ್ಪೀಕರ್ ಬಾಡಿಗೆ
> 4. ಆನ್‌ಲೈನ್ ಟ್ಯೂಷನ್

ಕೆಳಗೆ ಹತ್ತಾರು ಹೆಬ್ಬೆರಳು ಬೀಳುತ್ತವೆ, ಅತ್ತೆ ಕೈಮುಗಿಯುವ ಚಿತ್ರ ಹಾಕುತ್ತಾರೆ, ಯಾರೋ ‘ಸೂಪರ್ ಕಣೋ’ ಅನ್ನುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಮೆಸೇಜು ಹುಟ್ಟುಹಬ್ಬದ ಶುಭಾಶಯಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿರುತ್ತದೆ. ಮನೆಯವರಿಗೆ ಉತ್ಸಾಹವಿಲ್ಲ ಎಂದು ಮೆಸೇಜು ಹಾಕಿದ ಆ ತಮ್ಮ ಬೇಸರ ಮಾಡಿಕೊಳ್ಳುತ್ತಾನೆ. ಉತ್ಸಾಹಕ್ಕೇನೂ ಕೊರತೆ ಇರುವುದಿಲ್ಲ. ಕೊರತೆ ಇರುವುದು ಕೇಳಿದ ಪ್ರಶ್ನೆಯಲ್ಲಿ.

ಈ ಮೆಸೇಜಿನೊಳಗೆ ಮೂರು ಪ್ರಶ್ನೆಗಳು ಒಂದರ ಮೇಲೊಂದು ಕೂತಿವೆ. ಯಾವ ಐಡಿಯಾ ಒಳ್ಳೆಯದು, ಅದಕ್ಕೆ ನೀವು ದುಡ್ಡು ಹಾಕುತ್ತೀರಾ, ಅದರ ಕೆಲಸ ಯಾರು ಮಾಡುತ್ತೀರಿ. ಪೋಲ್‌ನಲ್ಲಿ ಉತ್ತರ ಸಿಗುವುದು ಮೊದಲನೆಯದಕ್ಕೆ ಮಾತ್ರ. ಒಂದು ಬಟನ್ ಒತ್ತುವುದಕ್ಕೆ ಏನೂ ಖರ್ಚಿಲ್ಲವಾದ್ದರಿಂದ ಆ ಉತ್ತರವೂ ಹಗುರವಾಗಿಯೇ ಬರುತ್ತದೆ. ಹಾಗಂತ ಪೋಲೇ ಬೇಡ ಎಂದು ನಾನು ಹೇಳುತ್ತಿಲ್ಲ. ಸರಿಯಾಗಿ ಹಾಕಿದ ಪೋಲ್ ಒಂದು ಒಳ್ಳೆಯ ಜರಡಿ. ಆದರೆ ಜರಡಿ ಹಿಡಿಯುವುದಕ್ಕೂ ಒಂದು ಕ್ರಮವಿದೆ.

ಮೊದಲು ಎಣಿಕೆಯನ್ನೇ ನೋಡೋಣ. ಮೇಲಿನ ನಾಲ್ಕು ಐಡಿಯಾಗಳಿಗೆ 13 ಮಂದಿ ವೋಟು ಹಾಕಿದರು, ಒಬ್ಬರಿಗೆ ಒಂದೇ ವೋಟು ಎಂದಿಟ್ಟುಕೊಳ್ಳಿ. ಕಾರಿಗೆ 5, ಕುರ್ಚಿ-ಮೇಜಿಗೆ 3, ಮೈಕಿಗೆ 3, ಟ್ಯೂಷನ್ನಿಗೆ 2 ಬಂತು. ‘ಜಾಸ್ತಿ ವೋಟು ಬಂದಿದ್ದು’ ಅಂದರೆ ಕಾರು ಗೆದ್ದಿತು. ಆದರೆ ಕುರ್ಚಿ ಬೇಕೆಂದವರೂ ಮೈಕು ಬೇಕೆಂದವರೂ ಹೆಚ್ಚುಕಡಿಮೆ ಒಂದೇ ಮನಸ್ಸಿನವರು. ಇಬ್ಬರದೂ ಸಮಾರಂಭದ ವ್ಯಾಪಾರವೇ. ತಮ್ಮ ಅದನ್ನು ಎರಡು ಸಾಲಾಗಿ ಬರೆದ ಒಂದೇ ಕಾರಣಕ್ಕೆ ಅವರ 6 ವೋಟು ಒಡೆದು ಮೂರು ಮೂರಾಯಿತು. ಒಂದೇ ಸಾಲಾಗಿ ಬರೆದಿದ್ದರೆ ಕಾರು ಸೋಲುತ್ತಿತ್ತು. ಅಂದರೆ ಫಲಿತಾಂಶ ತೀರ್ಮಾನವಾದದ್ದು ಪಟ್ಟಿ ಬರೆದವನ ಬೆರಳಿನಲ್ಲಿ, ವೋಟು ಹಾಕಿದವರ ಮನಸ್ಸಿನಲ್ಲಿ ಅಲ್ಲ. ಇದು ಹೊಸ ವಿಷಯವೂ ಅಲ್ಲ. ಒಬ್ಬರಿಗೊಂದೇ ವೋಟು ಎನ್ನುವ ಪದ್ಧತಿಯಲ್ಲಿ ಬಹುಮಂದಿಗೆ ಬೇಡವಾದದ್ದೂ ಗೆಲ್ಲಬಹುದು ಎಂದು ಫ್ರಾನ್ಸಿನ ಗಣಿತಜ್ಞರಾದ ಬೋರ್ದಾ ಮತ್ತು ಕೊಂಡೋರ್ಸೆ 18ನೇ ಶತಮಾನದಲ್ಲೇ ಲೆಕ್ಕ ಹಾಕಿ ತೋರಿಸಿದ್ದರು.

ಮನೆಯ ಗ್ರೂಪಿಗೆ ಇದರ ಪರಿಹಾರ ಸುಲಭ. ಒಪ್ಪಿಗೆಯಾಗುವ ಎಲ್ಲದಕ್ಕೂ ಟಿಕ್ ಹಾಕಿ ಎನ್ನಬೇಕು. ವಾಟ್ಸಾಪ್ ಪೋಲ್ ಮಾಡುವಾಗ ಕೆಳಗೆ `Allow multiple answers` ಎಂಬ ಸ್ವಿಚ್ ಇರುತ್ತದೆ, ಅದು ಆನ್ ಆಗಿದೆಯೇ ಎಂದು ಕಳಿಸುವ ಮುಂಚೆ ನೋಡಿಕೊಳ್ಳಿ. ಚುನಾವಣಾ ಶಾಸ್ತ್ರದವರು ಈ ಪದ್ಧತಿಗೆ ‘ಅಪ್ರೂವಲ್ ವೋಟಿಂಗ್’ ಎನ್ನುತ್ತಾರೆ. ಅದೇ 13 ಮಂದಿ ಈ ರೀತಿ ಟಿಕ್ ಹಾಕಿದಾಗ ಏನಾಗುತ್ತದೆ? ಕುರ್ಚಿಯವರು ಮೂವರೂ ಮೈಕಿಗೂ ಹಾಕುತ್ತಾರೆ, ಮೈಕಿನವರು ಮೂವರೂ ಕುರ್ಚಿಗೂ ಹಾಕುತ್ತಾರೆ. ಕಾರಿನವರಲ್ಲಿ ಇಬ್ಬರು, ಟ್ಯೂಷನ್ನಿನವರಲ್ಲಿ ಒಬ್ಬರು ‘ಕುರ್ಚಿಯಾದರೂ ಪರವಾಗಿಲ್ಲ’ ಎನ್ನುತ್ತಾರೆ. ಈಗ ಕುರ್ಚಿಗೆ 9, ಮೈಕಿಗೆ 6, ಕಾರಿಗೆ ಮೊದಲಿನ ಅದೇ 5, ಟ್ಯೂಷನ್ನಿಗೆ 2. ಕಾರಿನ ಅಭಿಮಾನಿಗಳು ಐದೇ ಮಂದಿ, ಉಳಿದ ಎಂಟು ಜನರಿಗೆ ಅದು ಬೇಡವೇ ಬೇಡ ಎಂಬುದು ಈಗ ಕಣ್ಣಿಗೆ ಕಾಣುತ್ತದೆ.

ಪಟ್ಟಿಯ ಕೊನೆಯಲ್ಲಿ ‘ಸದ್ಯಕ್ಕೆ ನನಗೆ ಯಾವುದೂ ಬೇಡ’ ಎನ್ನುವ ಸಾಲು ಇರಲೇಬೇಕು. ಇಲ್ಲದಿದ್ದರೆ ಬೇಡ ಎನ್ನುವವರು ಎರಡರಲ್ಲಿ ಒಂದು ಮಾಡುತ್ತಾರೆ. ಸುಮ್ಮನಿರುತ್ತಾರೆ, ಇಲ್ಲವೇ ತಮ್ಮನ ಮನಸ್ಸು ನೋಯಿಸಬಾರದೆಂದು ಯಾವುದಕ್ಕೋ ಒಂದಕ್ಕೆ ಒತ್ತಿಬಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯ, ಯಾಕೆಂದರೆ ಆ ವೋಟನ್ನು ನಂಬಿ ಯಾರೋ ಬಂಡವಾಳದ ಲೆಕ್ಕ ಹಾಕುತ್ತಾರೆ. ಹೆಬ್ಬೆರಳಿನ ಚಿತ್ರವನ್ನಂತೂ ವೋಟೆಂದು ಎಣಿಸಲೇಬೇಡಿ. ಅರ್ಧ ಜನ ಅದನ್ನು ಹಾಕುವುದು ‘ಓದಿದೆ’ ಎಂದು ತಿಳಿಸುವುದಕ್ಕೆ.

ಇನ್ನೊಂದು ತೊಡಕು, ಯಾರು ಯಾವುದಕ್ಕೆ ಹಾಕಿದರು ಎಂಬುದು ಈ ಪೋಲ್‌ನಲ್ಲಿ ಎಲ್ಲರಿಗೂ ಕಾಣಿಸುತ್ತದೆ. `View votes` ಒತ್ತಿದರೆ ಹೆಸರುಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ಬೆಳಿಗ್ಗೆ ಆರಕ್ಕೆ ಎದ್ದು ಮೊದಲು ವೋಟು ಹಾಕುವವರು ದೊಡ್ಡಪ್ಪ. ಅವರು ಕಾರಿಗೆ ಹಾಕಿದ್ದಾರೆ ಎಂದು ಗೊತ್ತಾದ ಮೇಲೆ ಅವರ ಮಕ್ಕಳು, ಸೊಸೆಯಂದಿರು, ಅವರಿಂದ ಒಂದು ಕಾಲಕ್ಕೆ ಸಾಲ ಪಡೆದ ಚಿಕ್ಕಪ್ಪ, ಇವರೆಲ್ಲ ಯಾವುದಕ್ಕೆ ಹಾಕುತ್ತಾರೆ ಎಂದು ಊಹಿಸಲು ಪೋಲ್ ಬೇಕಾಗಿಲ್ಲ. ಇದು ನಮ್ಮವರ ದಾಕ್ಷಿಣ್ಯ ಮಾತ್ರವೂ ಅಲ್ಲ. ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಪ್ರಯೋಗಗಳನ್ನು ನಡೆಸಿದ. ಉಳಿದವರೆಲ್ಲ ತಪ್ಪು ಉತ್ತರ ಹೇಳಿದಾಗ, ಕಣ್ಣಿಗೆ ಸ್ಪಷ್ಟವಾಗಿ ಕಾಣುವ ವಿಷಯದಲ್ಲೂ ಅನೇಕರು ಗುಂಪಿನ ಜೊತೆ ಹೋದರು. ಉತ್ತರವನ್ನು ಗುಟ್ಟಾಗಿ ಬರೆದು ಕೊಡಲು ಬಿಟ್ಟಾಗ ಈ ಹಿಂಬಾಲಿಕೆ ಬಹಳ ಇಳಿಯಿತು. ಗೆರೆಯ ಉದ್ದಕ್ಕೇ ಹೀಗಾದರೆ, ಲಾಭ ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲದ ಬಿಸಿನೆಸ್ಸಿನ ಕಥೆ ಏನು?

ಹಾಗಾಗಿ ಜರಡಿಯ ಹಂತವನ್ನು ಗೂಗಲ್ ಫಾರ್ಮ್‌ನಂಥದ್ದರಲ್ಲಿ ಮಾಡುವುದು ವಾಸಿ. ಉತ್ತರ ನೋಡುವವರು ಒಬ್ಬರೇ ಇರಲಿ, ಮತ್ತು ಆ ಒಬ್ಬರು ಐಡಿಯಾ ಕೊಟ್ಟ ತಮ್ಮ ಆಗಿರದಿದ್ದರೆ ಇನ್ನೂ ಒಳ್ಳೆಯದು. ಫಾರ್ಮ್ ತೆರೆಯುವುದು ಹಿರಿಯರಿಗೆ ಕಷ್ಟ ಎನಿಸಿದರೆ ಅವರಿಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಬಹುದು. ಗ್ರೂಪಿನಲ್ಲೇ ಪೋಲ್ ಹಾಕಬೇಕು ಎಂದಾದರೆ, ಹಿರಿಯರಿಗೆ ಮುಂಚೆಯೇ ಹೇಳಿ ಕೊನೆಯಲ್ಲಿ ವೋಟು ಹಾಕುವಂತೆ ಕೇಳಿಕೊಳ್ಳಿ. ‘ದೊಡ್ಡಪ್ಪ, ನೀವು ಮೊದಲೇ ಹಾಕಿಬಿಟ್ರೆ ಹುಡುಗರು ಬೇರೆ ಯೋಚನೇನೇ ಮಾಡಲ್ಲ’ ಎಂದರೆ ಯಾವ ದೊಡ್ಡಪ್ಪನೂ ಬೇಸರ ಮಾಡಿಕೊಳ್ಳುವುದಿಲ್ಲ.

ವೋಟಿಗೆ ಮುಂಚಿನ ಬರವಣಿಗೆಯ ಬಗ್ಗೆ ಒಂದು ಮಾತು. ಪಟ್ಟಿ ಬರೆಯುವವನಿಗೆ ಇಷ್ಟವಾದ ಐಡಿಯಾಕ್ಕೆ ಆರು ಸಾಲು, ಜೊತೆಗೊಂದು ಫೋಟೋ. ಉಳಿದವಕ್ಕೆ ತಲಾ ಎರಡು ಪದ. ಇದು ಅನೇಕ ಪಟ್ಟಿಗಳಲ್ಲಿ ಇರುತ್ತದೆ, ಬೇಕೆಂದೇ ಮಾಡಿದ್ದಲ್ಲ. ಪ್ರತಿ ಐಡಿಯಾಕ್ಕೂ ಒಂದೇ ಅಳತೆಯ ವಿವರ ಕೊಡುವ ಶಿಸ್ತು ಇಟ್ಟುಕೊಂಡರೆ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಬೇಕಾದ ಒಟ್ಟು ಬಂಡವಾಳ, ವಾರಕ್ಕೆ ಎಷ್ಟು ಗಂಟೆ ಕೆಲಸ ಮತ್ತು ಅದನ್ನು ಮಾಡುವವರ ಹೆಸರು, ಮೊದಲ ಆದಾಯ ಬರಲು ಬೇಕಾದ ತಿಂಗಳು, ಮುಚ್ಚಬೇಕಾಗಿ ಬಂದರೆ ಸಾಮಾನು ಮಾರಿ ವಾಪಸು ಬರುವ ಪಾಲು. ಇಷ್ಟು ಸಾಕು. ಹೆಸರಿನ ಜಾಗದಲ್ಲಿ ‘ನಾವೆಲ್ಲ’ ಎಂದು ಬರೆಯಬೇಕಾಗಿ ಬಂದರೆ ಆ ಐಡಿಯಾವನ್ನು ಅಲ್ಲೇ ಬಿಟ್ಟುಬಿಡಿ. ಕೊನೆಯ ವಿವರವನ್ನು ಹೆಚ್ಚಿನವರು ಬರೆಯುವುದಿಲ್ಲ. ನಷ್ಟವಾದರೆ ಎಷ್ಟರ ಮಟ್ಟಿಗೆ ಎಂದು ಹೇಳುವುದು ಅದೊಂದೇ. ಪ್ಲಾಸ್ಟಿಕ್ ಕುರ್ಚಿಗೆ ಸೆಕೆಂಡ್‌ಹ್ಯಾಂಡಿನಲ್ಲಿ ಅಷ್ಟಕ್ಕಷ್ಟೇ ಬೆಲೆ. ಒಳ್ಳೆಯ ಸ್ಪೀಕರಿಗೆ ಸ್ವಲ್ಪ ಹೆಚ್ಚು ಬರುತ್ತದೆ. ಟ್ಯೂಷನ್ನಿಗೆ ಮಾಡಿಸಿದ ವೆಬ್‌ಸೈಟಿಗೆ ಏನೂ ಇಲ್ಲ.

ಈಗ ನಿಜವಾದ ಪ್ರಶ್ನೆಗೆ ಬರೋಣ. ಕುರ್ಚಿ-ಮೇಜಿಗೆ 9 ಟಿಕ್ ಬಂತು. ಅದಕ್ಕೆ ದುಡ್ಡು ಎಷ್ಟು ಬರುತ್ತದೆ?

ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಬಂಡವಾಳವನ್ನು ಸಮನಾದ ಪಾಲುಗಳಾಗಿ ಒಡೆಯೋಣ. ಇನ್ನೂರು ಕುರ್ಚಿ ಮತ್ತು ತಕ್ಕಷ್ಟು ಮೇಜುಗಳ ಕೆಲಸಕ್ಕೆ ಒಟ್ಟು 20 ಪಾಲು ಬೇಕು. ಅದರಲ್ಲಿ 12 ಸಾಮಾನಿಗೆ, 3 ಗೋಡೌನು ಮತ್ತು ಸಾಗಣೆಯ ವ್ಯವಸ್ಥೆಗೆ, 5 ಮೊದಲ ಆರು ತಿಂಗಳು ಕೈಯಲ್ಲಿ ಇಟ್ಟುಕೊಳ್ಳಲು. ಗ್ರೂಪಿನಲ್ಲಿ ಬಹಿರಂಗವಾಗಿ ‘ಯಾರ್ಯಾರು ಎಷ್ಟೆಷ್ಟು?’ ಎಂದು ಕೇಳಿದಾಗ ನಡೆಯುವುದು ಕಾಯುವ ಆಟ. ಪ್ರತಿಯೊಬ್ಬರಿಗೂ ಉಳಿದವರು ಹಾಕಿದ್ದನ್ನು ನೋಡಿ ಹಾಕೋಣ ಎನಿಸುತ್ತದೆ, ಮತ್ತು ಅದು ತಪ್ಪೂ ಅಲ್ಲ. ಅರ್ಧ ಸೇರಿದ ಬಂಡವಾಳದಲ್ಲಿ ತನ್ನ ದುಡ್ಡು ಸಿಕ್ಕಿಕೊಳ್ಳುವುದು ಯಾರಿಗೂ ಬೇಡ.

ಹಾಗಾಗಿ ಷರತ್ತಿನ ಜೊತೆಗೇ ಕೇಳಬೇಕು: ‘ನೀವು ಎಷ್ಟು ಪಾಲು ಹಾಕುತ್ತೀರಿ, ಒಟ್ಟು ಎಷ್ಟು ಸೇರಿದರೆ ಹಾಕುತ್ತೀರಿ?’ ಉತ್ತರ ಒಬ್ಬರಿಗೇ ಖಾಸಗಿಯಾಗಿ ಹೋಗಬೇಕು. ಟಿಕ್ ಹಾಕಿದ 9 ಮಂದಿಯಲ್ಲಿ ಮೂವರು ‘ಐಡಿಯಾ ಚೆನ್ನಾಗಿದೆ, ಆದರೆ ಇದಕ್ಕೆ ದುಡ್ಡು ಹಾಕಲ್ಲ’ ಎನ್ನುತ್ತಾರೆ. ಉಳಿದ ಆರು ಜನರ ಉತ್ತರ ಹೀಗಿದೆ ಅಂದುಕೊಳ್ಳಿ. ತಮ್ಮ ಯಾವ ಷರತ್ತೂ ಇಲ್ಲದೆ 4 ಪಾಲು. ಅಕ್ಕ 3 ಪಾಲು, ಒಟ್ಟು 8 ಆದರೆ. ಚಿಕ್ಕಪ್ಪ 3, ಒಟ್ಟು 10 ಆದರೆ. ಸೋದರತ್ತೆ 1, ಅವರದೂ 10 ಆದರೆ. ಭಾವ 2, ಒಟ್ಟು 12 ಆದರೆ. ಮಾವ 2, ಒಟ್ಟು 18 ಆದರೆ. ಈ ಒಟ್ಟಿನಲ್ಲಿ ಅವರವರ ಪಾಲೂ ಸೇರಿದೆ.

ಲೆಕ್ಕ ಹಾಕುವ ಕ್ರಮ ಮೇಲಿನಿಂದ ಕೆಳಕ್ಕೆ. ಮೊದಲು ಎಲ್ಲರೂ ಹಾಕಿದರು ಎಂದೇ ಹಿಡಿಯಿರಿ, ಒಟ್ಟು 15 ಆಗುತ್ತದೆ. ಮಾವನ ಷರತ್ತು 18, ಅದು ಈಡೇರಲಿಲ್ಲ, ಅವರನ್ನು ತೆಗೆಯಿರಿ. 13 ಉಳಿಯಿತು. ಭಾವನಿಗೆ 12 ಸಾಕು, ಸರಿ. ಉಳಿದವರದೂ ಸರಿ. ಇನ್ನು ಯಾರೂ ಬೀಳುವುದಿಲ್ಲವಾದ್ದರಿಂದ ಗಟ್ಟಿಯಾದ ಬಂಡವಾಳ 13 ಪಾಲು. ಇದನ್ನೇ ಗ್ರೂಪಿನಲ್ಲಿ ಬಹಿರಂಗವಾಗಿ, ಒಬ್ಬರಾದ ಮೇಲೆ ಒಬ್ಬರಂತೆ ಕೇಳಿದ್ದರೆ? ತಮ್ಮ 4 ಹಾಕುತ್ತಾನೆ. ಅಕ್ಕ ತನ್ನ 3 ಸೇರಿಸಿದರೂ 7, ಅವಳಿಗೆ 8 ಬೇಕು, ಹಾಗಾಗಿ ಕಾಯುತ್ತಾಳೆ. ಚಿಕ್ಕಪ್ಪ, ಅತ್ತೆ, ಭಾವ ಎಲ್ಲರೂ ಅಕ್ಕನಿಗಿಂತ ದೂರದಲ್ಲಿದ್ದಾರೆ. ಲೆಕ್ಕ 4ರಲ್ಲೇ ನಿಲ್ಲುತ್ತದೆ. ಅದೇ ಜನ, ಅದೇ ಮನಸ್ಸು, ಅದೇ ದುಡ್ಡು. ಒಂದು ರೀತಿ ಕೇಳಿದರೆ 4, ಇನ್ನೊಂದು ರೀತಿ ಕೇಳಿದರೆ 13. ‘ಯಾರಿಗೂ ಆಸಕ್ತಿಯಿಲ್ಲ’ ಎಂದು ಮುರಿದುಬಿದ್ದ ಎಷ್ಟೋ ಮನೆಯ ಯೋಜನೆಗಳು ನಿಂತದ್ದು ಇಂಥದ್ದೇ ಜಾಗದಲ್ಲಿ ಇರಬೇಕು ಎಂದು ನನ್ನ ಗುಮಾನಿ.

ಆದರೂ 13 ಎಂದರೆ 20 ಅಲ್ಲ. ‘ಪರವಾಗಿಲ್ಲ, ಚಿಕ್ಕದಾಗಿ ಶುರು ಮಾಡೋಣ’ ಎಂಬ ಮಾತು ಇಲ್ಲಿ ಖಂಡಿತ ಬರುತ್ತದೆ. ಚಿಕ್ಕದು ಮಾಡಿದಾಗ ಏನು ಕುಗ್ಗುತ್ತದೆ ಎಂದು ನೋಡಬೇಕು. ಗೋಡೌನಿನ ಬಾಡಿಗೆ, ಸಾಗಣೆ ಕುಗ್ಗುವುದಿಲ್ಲ. ಕೈಯಲ್ಲಿಡುವ 5 ಪಾಲನ್ನು ಮುಟ್ಟಿದರೆ ಮೊದಲ ಖಾಲಿ ತಿಂಗಳಲ್ಲೇ ಕಥೆ ಮುಗಿಯುತ್ತದೆ. ಹಾಗಾಗಿ ಕುಗ್ಗುವುದು ಸಾಮಾನು ಮಾತ್ರ. 12 ಇದ್ದದ್ದು 5ಕ್ಕೆ ಇಳಿಯುತ್ತದೆ. ಬಂಡವಾಳ ಮೂರರಲ್ಲಿ ಒಂದು ಭಾಗದಷ್ಟು ಕಡಿಮೆಯಾದರೆ ಕುರ್ಚಿಗಳು ಇನ್ನೂರರಿಂದ ಎಂಬತ್ತರ ಆಸುಪಾಸಿಗೆ ಬರುತ್ತವೆ. ನೂರೈವತ್ತು ಕುರ್ಚಿ ಬೇಕಾದ ಗಿರಾಕಿ ಎಂಬತ್ತನ್ನು ಇಲ್ಲಿಂದ, ಎಪ್ಪತ್ತನ್ನು ಬೇರೆ ಕಡೆಯಿಂದ ತರುವ ಉಸಾಬರಿಗೆ ಹೋಗುವುದಿಲ್ಲ, ನೇರವಾಗಿ ಬೇರೆಯವರ ಹತ್ತಿರವೇ ಹೋಗುತ್ತಾನೆ. ಬೇರೆಯವರಿಂದ ನಾವೇ ತಂದು ಕೊಟ್ಟರೆ ಲಾಭ ಅವರ ಪಾಲಾಗುತ್ತದೆ. ಇನ್ನು ಕೆಲಸದ ಮಾತು. ರಾತ್ರಿ ಸಮಾರಂಭ ಮುಗಿದ ಮೇಲೆ ಕುರ್ಚಿ ಎತ್ತಿ ಲಾರಿಗೆ ಹೇರುವವರು ಯಾರು ಎಂದು ಫಾರ್ಮ್‌ನಲ್ಲಿ ಕೇಳಿದ್ದಕ್ಕೆ ಬಂದ ಹೆಸರು ಒಂದೇ, ಅದೂ ತಮ್ಮನದೇ. 9 ಟಿಕ್ಕು, 6 ದುಡ್ಡು, 1 ಬೆನ್ನು.

ಮೊದಲ ಜರಡಿಯಲ್ಲಿ ಗೆದ್ದದ್ದನ್ನು ಮಾತ್ರ ಮುಂದಕ್ಕೆ ತೆಗೆದುಕೊಳ್ಳದೆ ಮೊದಲೆರಡನ್ನೂ ದುಡ್ಡಿನ ಪ್ರಶ್ನೆಗೆ ಒಡ್ಡಬೇಕು ಎನ್ನುವುದು ಇದಕ್ಕೇ. ಮೈಕು-ಸ್ಪೀಕರಿಗೆ 6 ಟಿಕ್ಕು ಮಾತ್ರ ಬಂದಿತ್ತು. ಅದಕ್ಕೆ ಬೇಕಾದದ್ದು 11 ಪಾಲು. ಸ್ಪೀಕರು, ದನಿಗಳನ್ನು ಹದವಾಗಿ ಬೆರೆಸುವ ಮಿಕ್ಸರು, ಮೈಕುಗಳಿಗೆ 6, ಸ್ಟ್ಯಾಂಡು, ಕೇಬಲ್, ಪೆಟ್ಟಿಗೆಗಳಿಗೆ 1, ಸಾಗಣೆಗೆ 1, ಕೈಯಲ್ಲಿಡಲು 3. ಆ ಆರು ಜನರಲ್ಲಿ ಒಬ್ಬ, ಚಿಕ್ಕಪ್ಪನ ಮಗ, ಮಿಕ್ಸರ್ ಮುಂದೆ ಕೂತು ಕೆಲಸ ಮಾಡಿ ಗೊತ್ತಿರುವವನು. ಮೈಕು ಕಿರುಚಲು ಶುರುವಾದರೆ ಮೈಕನ್ನು ಸ್ಪೀಕರಿನ ಮುಂದಿನಿಂದ ಹಿಂದಕ್ಕೆ ತರಬೇಕು, ಗೇನ್ ಎಂಬ ದನಿಯ ಮಟ್ಟ ಇಳಿಸಬೇಕು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಷರತ್ತಿಲ್ಲದೆ 3 ಪಾಲು ಎಂದ. ಮೂವರು ತಲಾ 2 ಪಾಲು, ಒಟ್ಟು 8 ಆದರೆ ಎಂದರು. ಉಳಿದ ಇಬ್ಬರು, ಜೊತೆಗೆ ಮೊದಲು ಕಾರಿಗೆ ಮಾತ್ರ ವೋಟು ಹಾಕಿದ್ದ ಒಬ್ಬರು, ತಲಾ 1 ಪಾಲು, ಒಟ್ಟು 10 ಆದರೆ. ಎಲ್ಲ ಸೇರಿ 12. ಯಾರೂ ಬೀಳಲಿಲ್ಲ, ಬೇಕಾದದ್ದಕ್ಕಿಂತ ಒಂದು ಹೆಚ್ಚೇ ಆಯಿತು. ವೋಟಿನಲ್ಲಿ ಎರಡನೆಯದಾಗಿದ್ದದ್ದು ಶುರು ಮಾಡಬಹುದಾದ ಒಂದೇ ಐಡಿಯಾ ಆಯಿತು, ಕಾರಣ ಅದರ ಹಿಂದೆ ಕೆಲಸ ಬಲ್ಲ ಒಂದು ಹೆಸರಿತ್ತು.

ಆ ಹೆಸರನ್ನು ಉಳಿಸಿಕೊಳ್ಳಬೇಕಾದರೆ ಹಂಚಿಕೆಯ ಲೆಕ್ಕ ಈಗಲೇ ಆಗಬೇಕು. ಕುರ್ಚಿಯಾದರೆ ಇಳಿಸಿ ಬರಬಹುದು, ಸೌಂಡಿನವನು ಕಾರ್ಯಕ್ರಮ ಮುಗಿಯುವವರೆಗೆ ಅಲ್ಲೇ ಇರಬೇಕು. ಒಂದು ಕಾರ್ಯಕ್ರಮದಲ್ಲಿ ಸಾಗಣೆ ಖರ್ಚು ಕಳೆದು 10 ಭಾಗ ಉಳಿಯಿತು, ಅದರಲ್ಲಿ 2 ಭಾಗ ಹಾಳಾಗುವ ಸಾಮಾನಿನ ಬದಲಿಗೆಂದು ತೆಗೆದಿಟ್ಟರು ಎನ್ನಿ. ಉಳಿದ 8ನ್ನು ಬರೀ ಪಾಲಿನ ಪ್ರಕಾರ ಹಂಚಿದರೆ ದಿನವಿಡೀ ದುಡಿದ ಹುಡುಗನ 3 ಪಾಲಿಗೆ ಸಿಗುವುದು 2 ಭಾಗ, ಮನೆಯಲ್ಲಿ ಕೂತ 2 ಪಾಲಿನವರಿಗೆ ಒಂದೂಕಾಲಿಗಿಂತ ತುಸು ಹೆಚ್ಚು. ನಾಲ್ಕನೇ ಕಾರ್ಯಕ್ರಮಕ್ಕೆ ಅವನಿಗೆ ‘ಬೇರೆ ಕೆಲಸ’ ಬರುತ್ತದೆ, ಅದು ಸಹಜ. ಬದಲಿಗೆ ಮೊದಲು 3 ಭಾಗ ಅವನ ಕೂಲಿ ಎಂದು ಕೊಟ್ಟು ಉಳಿದ 5ನ್ನು 12 ಪಾಲಿಗೆ ಹಂಚಿದರೆ ಅವನಿಗೆ ನಾಲ್ಕೂಕಾಲು ಬರುತ್ತದೆ. ಸುಮ್ಮನೆ ದುಡ್ಡು ಹಾಕಿದವರಿಗೆ ಕಡಿಮೆ ಬರುತ್ತದೆ, ನಿಜ. ಆದರೆ ಕೆಲಸ ನಡೆಯುತ್ತಿರುತ್ತದೆ. ಕೂಲಿ ಬೇರೆ, ಪಾಲು ಬೇರೆ ಎಂಬುದನ್ನು ಮನೆಯವರ ಮುಂದೆ ಹೇಳಲು ಸಂಕೋಚವಾಗುತ್ತದೆ. ಆ ಸಂಕೋಚವನ್ನು ಬಾಕಿ ಉಳಿಸಿಕೊಂಡರೆ ಮುಂದೆ ಜಗಳದ ರೂಪದಲ್ಲಿ ತೀರಿಸಬೇಕಾಗುತ್ತದೆ.

ಅಷ್ಟೇ ಸಂಕೋಚದ ಇನ್ನೊಂದು ವಿಷಯ, ದುಡ್ಡಿಗೆ ಹೆಸರಿಡುವುದು. ‘ತಗೋಪ್ಪ, ಇಟ್ಕೋ, ಆಮೇಲೆ ನೋಡೋಣ’ ಎಂದು ಅತ್ತೆ ಒಂದು ಪಾಲು ಕೊಡುತ್ತಾರೆ. ಅದು ಸಾಲವೇ, ಪಾಲೇ, ಉಡುಗೊರೆಯೇ? ಸಾಲವಾದರೆ ನಷ್ಟವಾದರೂ ವಾಪಸು ಕೊಡಬೇಕು, ಲಾಭದಲ್ಲಿ ಭಾಗವಿಲ್ಲ. ಪಾಲಾದರೆ ಲಾಭ-ನಷ್ಟ ಎರಡೂ ಇದೆ. ಕೊಟ್ಟವರ ತಲೆಯಲ್ಲಿ ಸಾಲ, ತಗೊಂಡವರ ತಲೆಯಲ್ಲಿ ಪಾಲು ಇರುವುದು ಬಹಳ ಸಾಮಾನ್ಯ. ಗೊತ್ತಾಗುವುದು ಮೊದಲ ನಷ್ಟದ ದಿನ. ಇದರ ಜೊತೆ ಇನ್ನೊಂದನ್ನೂ ಅವರಿಗೆ ತಿಳಿಸಬೇಕು: ಕಂಪನಿ ರೂಪ ಕೊಡದೆ ಬರೀ ಪಾಲುದಾರಿಕೆಯಾಗಿ ನಡೆಸಿದರೆ, ಹೆಚ್ಚಿನ ದೇಶಗಳ ಕಾನೂನಿನಲ್ಲಿ ವ್ಯವಹಾರದ ಸಾಲಕ್ಕೆ ಪ್ರತಿ ಪಾಲುದಾರರೂ ಪೂರ್ತಿ ಹೊಣೆ, ಹಾಕಿದ ದುಡ್ಡಿನಷ್ಟಕ್ಕೆ ಮಾತ್ರ ಅಲ್ಲ. ಒಂದು ಪಾಲು ಹಾಕಿದ ಅತ್ತೆಗೆ ಇದು ಗೊತ್ತಿದ್ದರೆ ‘ಸಾಲ ಅಂತಲೇ ಬರ್ಕೋ’ ಎನ್ನಬಹುದು. ಹಾಗೆಂದರೆ 12 ಪಾಲು 11 ಆಗುತ್ತದೆ, ಲೆಕ್ಕ ಆಗಲೂ ಸರಿಹೋಗುತ್ತದೆ. ಒಂದು ಹೆಚ್ಚಿಗೆ ಸೇರಿದ್ದು ಕೆಲಸಕ್ಕೆ ಬರುವುದು ಇಂಥ ಕಡೆ.

ಇಷ್ಟಾದ ಮೇಲೆ ದುಡ್ಡು ಹಾಕಿದ ಏಳು ಜನರ ಬೇರೆ ಗ್ರೂಪು ಮಾಡಿ. ಯಾರ ಪಾಲು ಎಷ್ಟು, ಯಾರ ದುಡ್ಡು ಸಾಲ, ಕಾರ್ಯಕ್ರಮಕ್ಕೆ ಕೂಲಿ ಎಷ್ಟು, ಬಿಟ್ಟು ಹೋಗುವವರ ಪಾಲನ್ನು ಯಾವ ಬೆಲೆಗೆ ಯಾರು ಕೊಳ್ಳಬೇಕು ಎಂಬ ನಾಲ್ಕು ಸಾಲನ್ನು ಅಲ್ಲಿ ಮೊದಲ ಮೆಸೇಜಾಗಿ ಹಾಕಿ, ಏಳೂ ಜನ ‘ಒಪ್ಪಿದೆ’ ಎಂದು ಬರೆದ ಮೇಲೆಯೇ ಸ್ಪೀಕರ್ ಕೊಳ್ಳಲು ಹೋಗಿ. ಫ್ಯಾಮಿಲಿ ಗ್ರೂಪಿಗೆ ಫಲಿತಾಂಶ ಮಾತ್ರ ತಿಳಿಸಿದರೆ ಸಾಕು. ಯಾರು ಎಷ್ಟು ಹಾಕಿದರು, ಯಾರು ಆಗಲ್ಲ ಎಂದರು ಎಂಬುದು ಅಲ್ಲಿಗೆ ಬೇಡ. ಕಾರಿಗೆ ವೋಟು ಹಾಕಿದ ಉಳಿದ ನಾಲ್ವರು ಬೇಕಿದ್ದರೆ ತಮ್ಮದೇ ಲೆಕ್ಕ ಇದೇ ಫಾರ್ಮ್‌ನಲ್ಲಿ ಮಾಡಿ ನೋಡಲಿ, ಅದಕ್ಕೆ ಯಾರ ಅಡ್ಡಿಯೂ ಇಲ್ಲ.